ಇಪ್ಪತ್ತೇಳನೇ ಪ್ರಶ್ನೆಯ ಐದನೇ ಖಾಲಿ ಜಾಗ

ಮೌಲ್ಯಮಾಪನದ ಕೊನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ನನ್ನ ಮೇಜಿನ ಮೇಲೆ ಇನ್ನು ಒಂಬತ್ತೇ ಉತ್ತರ ಪತ್ರಿಕೆಗಳು ಉಳಿದಿದ್ದವು. ನಾಲ್ಕಕ್ಕೆ ಬಂಡಲುಗಳಿಗೆಲ್ಲ ಅರಗಿನ ಮುದ್ರೆ ಬೀಳಬೇಕು, ನಾಲ್ಕೂವರೆಗೆ ವ್ಯಾನು ಹೊರಡಬೇಕು. ನಾವು ನಲವತ್ತು ಜನ ಇಂಗ್ಲಿಷ್ ಮೇಷ್ಟ್ರು, ಮೇಡಂಗಳು ಮೂರು ದಿನದಿಂದ ಆ ದೊಡ್ಡ ಹಾಲಿನಲ್ಲಿ ಬೆನ್ನು ಬಗ್ಗಿಸಿ ಕೂತಿದ್ದೆವು. ಮೊಬೈಲುಗಳು ಗೇಟಿನ ಹತ್ತಿರ ಒಂದು ಬುಟ್ಟಿಯಲ್ಲಿದ್ದವು. ಮೇಲೆ ಆರು ಫ್ಯಾನುಗಳಿದ್ದವು, ತಿರುಗುತ್ತಿದ್ದದ್ದು ನಾಲ್ಕು.

ನನ್ನ ಪಕ್ಕದಲ್ಲಿ ಲವಂಗದ ಮೇಡಂ. ಸದಾ ಬಾಯಲ್ಲೊಂದು ಲವಂಗ ಇಟ್ಟುಕೊಂಡಿರುತ್ತಾರೆಂದು ಆ ಹೆಸರು. ಹಾಲಿನ ತುದಿಯಲ್ಲಿ, ಎತ್ತರದ ಕುರ್ಚಿಯಲ್ಲಿ ದೊಡ್ಡ ಮೇಷ್ಟ್ರು. ಅವರು ಮುಖ್ಯ ಪರೀಕ್ಷಕರು. ನಾನು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ ನನಗೆ ಇಂಗ್ಲಿಷ್ ಕಲಿಸಿದವರೂ ಅವರೇ. ಆಗ ಹೆದರುತ್ತಿದ್ದೆ. ಈಗ ನನಗೆ ನಲವತ್ತಾರು ವರ್ಷ, ಈಗಲೂ ಹೆದರುತ್ತೇನೆ. ಇದರಲ್ಲಿ ನಾಚಿಕೆ ಏನೂ ಇಲ್ಲ, ಆ ಹಾಲಿನಲ್ಲಿ ಹೆದರದವರು ಯಾರಿದ್ದರು?

ನನ್ನದೊಂದು ಗುಟ್ಟಿತ್ತು. ನಾವೆಲ್ಲ ತಿದ್ದುತ್ತಿದ್ದ ಆ ಉತ್ತರಗಳ ಪ್ರಶ್ನೆಪತ್ರಿಕೆ ಮಾಡಿದವಳು ನಾನೇ. ಪ್ರಶ್ನೆಯೂ ನನ್ನದು, ಉತ್ತರದ ಕೀ ಕೂಡ ನನ್ನದು. ಪ್ರಶ್ನೆಪತ್ರಿಕೆ ಮಾಡಿದವರು ಯಾರೆಂಬುದು ಪರೀಕ್ಷಾ ಕಚೇರಿಯ ಒಬ್ಬಿಬ್ಬರಿಗೆ ಬಿಟ್ಟರೆ ಯಾರಿಗೂ ತಿಳಿಯಬಾರದು, ಹೇಳಿಕೊಂಡರೆ ಮತ್ತೆ ಆ ಕೆಲಸ ಸಿಗುವುದಿಲ್ಲ. ನಾನು ಮನೆಯವರಿಗೂ ಹೇಳಿರಲಿಲ್ಲ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಂದು ವಾರ ಏನು ಬರೆಯುತ್ತಿದ್ದೆ ಎಂದು ನಮ್ಮ ಯಜಮಾನರು ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷ ಸೀಮೆಸುಣ್ಣದ ಪುಡಿ ಕುಡಿದ ಮೇಲೆ ಸಿಕ್ಕಿದ ಮರ್ಯಾದೆ ಅದು. ಮೂರು ದಿನದಿಂದ ಇತರರು ನನ್ನ ಪ್ರಶ್ನೆಗಳನ್ನು ಹೊಗಳಿದಾಗಲೆಲ್ಲ ತಲೆ ತಗ್ಗಿಸಿ ಒಳಗೊಳಗೇ ಬೀಗುತ್ತಿದ್ದೆ.

ನನ್ನ ಹೆಮ್ಮೆಯ ಪ್ರಶ್ನೆ ಇಪ್ಪತ್ತೇಳನೆಯದು. ಮನೆಗೆ ಅತಿಥಿ ಬಂದಿದ್ದಾರೆ, ಮನೆಯಾಕೆ ಮಾತಾಡುತ್ತಿದ್ದಾಳೆ, ಐದು ಖಾಲಿ ಜಾಗ. ಮಚ್, ಮೆನಿ, ಎ ಫ್ಯೂ, ಎ ಲಿಟ್ಲ್, ಸಮ್, ಎನಿ, ಇವುಗಳಲ್ಲಿ ಸರಿಯಾದದ್ದನ್ನು ತುಂಬಬೇಕು. ಸಕ್ಕರೆಯನ್ನು ಎಣಿಸಲು ಬರುವುದಿಲ್ಲ, ಆದ್ದರಿಂದ ಹೌ ಮಚ್ ಶುಗರ್. ಚಮಚವನ್ನು ಎಣಿಸಬಹುದು, ಆದ್ದರಿಂದ ಹೌ ಮೆನಿ ಸ್ಪೂನ್ಸ್. ಡಬ್ಬಿಯಲ್ಲಿ ಬಿಸ್ಕತ್ತುಗಳಿವೆ, ತೆಗೆದುಕೊಳ್ಳಿ ಅನ್ನುವಾಗ ಎ ಫ್ಯೂ. ಬರೀ ಫ್ಯೂ ಅಂದರೆ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ ಎಂದು ಕೈಚೆಲ್ಲಿದ ಹಾಗೆ. ಮುಂದೆ ಎ ಬಂದರೆ ಇದ್ದಷ್ಟು ಇದೆ, ಸಾಕು ಎಂಬ ಸಮಾಧಾನ. ಹಾಲು ಎಣಿಸುವ ವಸ್ತುವಲ್ಲ, ಓನ್ಲಿ ಎಂದು ಮೊದಲೇ ಇದೆ, ಆದ್ದರಿಂದ ಎ ಲಿಟ್ಲ್. ಈ ನಾಲ್ಕನ್ನೂ ಚಿನ್ನ ತೂಗಿದ ಹಾಗೆ ತೂಗಿ ನೋಡಿದ್ದೆ.

ಐದನೆಯದು, ವುಡ್ ಯು ಲೈಕ್ ಡ್ಯಾಶ್ ಟೀ. ಇದನ್ನು ನಾನು ತೂಗಲೇ ಇಲ್ಲ. ಪ್ರಶ್ನೆಚಿಹ್ನೆ ಕಂಡಿತು, ಕೈ ತಾನಾಗಿ ಎನಿ ಎಂದು ಬರೆಯಿತು. ಹೇಳಿಕೆಗೆ ಸಮ್, ಪ್ರಶ್ನೆಗೂ ಇಲ್ಲ ಅನ್ನುವುದಕ್ಕೂ ಎನಿ ಎಂದು ನಾನು ಸಾವಿರಾರು ಮಕ್ಕಳಿಂದ ಕೂಗಿಸಿದ್ದೇನೆ. ನನ್ನಿಂದ ದೊಡ್ಡ ಮೇಷ್ಟ್ರು ಕೂಗಿಸಿದ್ದರು.

ಎರಡು ಇಪ್ಪತ್ತಕ್ಕೆ ಕೈಗೆ ಬಂದ ಪತ್ರಿಕೆ ಶಾಲೆಗೆ ಹೋಗದೆ ಖಾಸಗಿಯಾಗಿ ಪರೀಕ್ಷೆ ಕಟ್ಟಿದ ಯಾರದೋ. ಅಕ್ಷರ ದಪ್ಪ ದಪ್ಪ, ಪೆನ್ನನ್ನು ಒತ್ತಿ ಒತ್ತಿ ಬರೆದದ್ದು ಹಿಂದಿನ ಪುಟಕ್ಕೂ ಮೂಡಿತ್ತು. ಇಪ್ಪತ್ತೇಳನೇ ಪ್ರಶ್ನೆಯಲ್ಲಿ ಮೊದಲ ನಾಲ್ಕೂ ಸರಿ. ಐದನೆಯದಕ್ಕೆ ಸಮ್ ಎಂದಿತ್ತು. ಕೆಂಪು ಪೆನ್ನಿನಿಂದ ಗೀಟು ಎಳೆದು ಮುಂದೆ ಹೋದೆ. ಕೊನೆಗೆ ಕೂಡಿಸಿದಾಗ ಬಂದದ್ದು ಮೂವತ್ತನಾಲ್ಕು. ಪಾಸಾಗಲು ಬೇಕಾದದ್ದು ಮೂವತ್ತೈದು.

ಮೂವತ್ತನಾಲ್ಕು ಬಂದರೆ ಮೊದಲಿಂದ ಇನ್ನೊಮ್ಮೆ ನೋಡುವುದು ಅಲ್ಲಿಯ ಪದ್ಧತಿ. ನೋಡಿದೆ. ಎಲ್ಲೂ ಅರ್ಧ ಅಂಕವೂ ಬಿಟ್ಟಿರಲಿಲ್ಲ. ಕೊನೆಗೆ ಪ್ರಬಂಧಕ್ಕೆ ಬಂದೆ. ವಿಷಯ, ನನ್ನ ಕೆಲಸ. ಮೊದಲ ಸಲ ತಪ್ಪು ಹುಡುಕುತ್ತಾ ಓದಿದ್ದೆ. ಈ ಸಲ ಏನು ಹೇಳಿದೆ ಎಂದು ಓದಿದೆ.

ಆಕೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಕಾಲಗಳೆಲ್ಲ ತಲೆಕೆಳಗು, ಕಾಗುಣಿತಕ್ಕೆ ದೇವರೇ ಗತಿ, ಅದಕ್ಕೇ ನಾನು ಹತ್ತಕ್ಕೆ ಆರು ಹಾಕಿದ್ದೆ. ಆದರೆ ದಿನಕ್ಕೆ ಮೆನಿ ಶೀಟ್ಸ್ ಒಗೆಯುತ್ತೇನೆ, ಮಚ್ ಸೋಪ್ ಬೇಕು ಎಂದು ಬರೆದಿದ್ದಳು. ರಜೆಗಳು ಫ್ಯೂ, ನಿದ್ದೆ ಲಿಟ್ಲ್, ಆದರೆ ಎ ಫ್ಯೂ ಫ್ರೆಂಡ್ಸ್ ಇದ್ದಾರೆ ಎಂದಿದ್ದಳು. ಇಲ್ಲದ್ದಕ್ಕೆ ಎ ಬಿಟ್ಟಿದ್ದಳು, ಇರುವುದಕ್ಕೆ ಎ ಹಾಕಿದ್ದಳು. ನನ್ನ ತರಗತಿಯ ಜಾಣ ಮಕ್ಕಳಿಗೂ ಬಾರದ ವಿದ್ಯೆ ಅದು. ಇದು ನನ್ನ ಮೂರನೇ ಸಲ, ನರ್ಸ್ ತರಬೇತಿಗೆ ವಯಸ್ಸು ಈ ವರ್ಷಕ್ಕೆ ಮುಗಿಯುತ್ತದೆ, ಮುಂದೆ ಇನ್ನಿಲ್ಲ ಎಂದೂ ಇತ್ತು. ಕೊನೆಯ ಮೂರು ಸಾಲು ಹೀಗಿದ್ದವು. ಶೀಟು ತರಲು ಹೋದಾಗ ನಾನು ಬಾಗಿಲ ಹೊರಗೆ ನಿಂತಿರುತ್ತೇನೆ. ಒಳಗೆ ಸಿಸ್ಟರ್ ರೋಗಿಯನ್ನು ಕೇಳುತ್ತಾರೆ, ವುಡ್ ಯು ಲೈಕ್ ಸಮ್ ವಾಟರ್. ಪಾಸಾದರೆ ನಾನೂ ಒಳಗೆ ಹೋಗಿ ಹಾಗೆ ಕೇಳುತ್ತೇನೆ.

ಪುಟ ತಿರುಗಿಸಿ ಇಪ್ಪತ್ತೇಳನೇ ಪ್ರಶ್ನೆಗೆ ವಾಪಸು ಹೋದೆ.

ಸಮ್ ವಾಟರ್. ಸರಿಯಾಗೇ ಇದೆ. ನೀರಿನ ಲೋಟ ಕೈಯಲ್ಲಿ ಹಿಡಿದು, ಹೂಂ ಅನ್ನಲಿ ಎಂದೇ ಕೇಳುವಾಗ ಯಾರೇ ಆದರೂ ಸಮ್ ಅನ್ನುತ್ತಾರೆ. ಇದೆಯೋ ಇಲ್ಲವೋ ತಿಳಿಯದೆ ಕೇಳುವುದಕ್ಕೆ ಎನಿ. ನಾವೂ ಬಂದವರಿಗೆ ಸ್ವಲ್ಪ ಟೀ ತಗೋತೀರಾ ಅನ್ನುತ್ತೇವೆಯೇ ಹೊರತು ಟೀ ಏನಾದರೂ ಬೇಕಿತ್ತಾ ಎಂದು ಪೊಲೀಸರ ಹಾಗೆ ವಿಚಾರಿಸುವುದಿಲ್ಲ. ಎನಿ ಅಂದರೆ ಜೈಲಿಗೇನೂ ಹಾಕುವುದಿಲ್ಲ, ಆದರೆ ಸಮ್ ಅಂದವರನ್ನು ತಪ್ಪೆಂದು ಹೊಡೆದುಹಾಕುವುದು ಶುದ್ಧ ಅನ್ಯಾಯ. ಆಕೆ ಬಾಗಿಲ ಹೊರಗೆ ನಿಂತು ಕಿವಿಯಿಂದ ಕಲಿತಿದ್ದಳು. ನಾನು ಬೆಂಚಿನ ಮೇಲೆ ಕೂತು ಸೂತ್ರದಿಂದ ಕಲಿತಿದ್ದೆ.

ಮೂರು ದಿನದಲ್ಲಿ ನಾನು ತಿದ್ದಿದ್ದು ನೂರರ ಮೇಲೆ. ಅವುಗಳಲ್ಲಿ ಎಷ್ಟು ಸಮ್‌ಗಳ ಮೇಲೆ ಗೀಟು ಎಳೆದಿದ್ದೆನೋ. ನಲವತ್ತು ಜನ ಸೇರಿ ಎಷ್ಟು ಎಳೆದಿದ್ದರೋ.

"ಮೇಡಂ, ಇಪ್ಪತ್ತೇಳರ ಐದಕ್ಕೆ ನೀವು ಸಮ್ ಬರೆದವ್ರಿಗೆ ಏನ್ ಮಾಡಿದ್ರಿ?" ಎಂದು ಪಿಸುಗುಟ್ಟಿದೆ.

ಲವಂಗದ ಮೇಡಂ ತಲೆ ಎತ್ತಲಿಲ್ಲ. "ಸೊನ್ನೆ. ಕೀಯಲ್ಲಿ ಏನಿದ್ಯೋ ಅದು. ನಂಗ್ಯಾಕೆ ಊರ ಉಸಾಬರಿ?"

ಪತ್ರಿಕೆ ಹಿಡಿದು ದೊಡ್ಡ ಮೇಷ್ಟ್ರ ಹತ್ತಿರ ಹೋದೆ. ಎರಡೂ ಮುಕ್ಕಾಲು.

"ಸರ್, ಇಪ್ಪತ್ತೇಳನೇ ಪ್ರಶ್ನೆ ಐದನೇದು. ಸಮ್ ಬರೆದವ್ರಿಗೂ ಅಂಕ ಕೊಡ್ಬೇಕು ಅನ್ಸುತ್ತೆ."

ಅವರು ಕನ್ನಡಕ ಕೆಳಗಿಳಿಸಿ ನೋಡಿದರು. "ಪ್ರಶ್ನೆಚಿಹ್ನೆ ಕಾಣಿಸ್ತಾ ಇಲ್ವಾ ನಿಮಗೆ? ಪ್ರಶ್ನೆ ಬಂದ್ರೆ ಎನಿ. ನಾನೇ ಕಲಿಸಿದ್ದೆ, ಮರೆತ್ರಾ?"

"ಮರೆತಿಲ್ಲ ಸರ್. ಆದ್ರೆ ಇದು ಗೊತ್ತಿಲ್ದೆ ಕೇಳೋ ಪ್ರಶ್ನೆ ಅಲ್ಲ. ಕೊಡೋಕೆ ಕೇಳೋದು. ಟೀ ಬಗ್ಗಿಸ್ತಾ ಕೇಳೋದು. ಅಲ್ಲಿ ಸಮ್ ಬರುತ್ತೆ."

ಅವರ ತುಟಿ ಮೆಲ್ಲಗೆ ಆ ವಾಕ್ಯವನ್ನು ಆಡಿ ನೋಡಿದ್ದು ನನಗೆ ಕಂಡಿತು. ಆದರೂ ಕೀಯ ಹಾಳೆಯ ಮೇಲೆ ಬೆರಳು ಕುಟ್ಟಿದರು.

"ಮೊದಲನೇ ದಿನ ಎಲ್ಲರ ಮುಂದೆ ಇದನ್ನ ಓದಿದೀವಿ. ನಲವತ್ತು ಜನಾನೂ ಒಪ್ಕೊಂಡ್ರಿ, ನೀವೂ ಒಪ್ಕೊಂಡ್ರಿ. ಈಗ ಎರಡು ಗಂಟೆ ಟೈಮ್ ಕೂಡ ಇಲ್ಲ. ಕೀ ಬದಲಾಯಿಸ್ಬೇಕಾದ್ರೆ ಪತ್ರಿಕೆ ಮಾಡಿದವ್ರೇ ತಪ್ಪಾಯ್ತು ಅಂತ ಬರೆದುಕೊಡ್ಬೇಕು. ಅವ್ರು ಯಾರು ಅಂತ ನಂಗೂ ಗೊತ್ತಿಲ್ಲ. ಎಲ್ಲಿಂದ ಹಿಡ್ಕೊಂಡು ಬರ್ಲಿ, ಹೇಳಿ?"

ಅವರು ಹಿಡಿದುಕೊಂಡು ಬರಬೇಕಾದವಳು ಎರಡಡಿ ದೂರದಲ್ಲಿ ನಿಂತಿದ್ದಳು. ಬಾಯಿ ತೆರೆದೆ. "ಸರಿ ಸರ್" ಎಂದು ವಾಪಸು ಬಂದೆ. ಥೂ ನನ್ನ ಜನ್ಮಕ್ಕೆ ಎಂದುಕೊಂಡೆ, ಆದರೆ ಬಂದದ್ದಂತೂ ಬಂದೆ.

ಕೂತು ಯೋಚಿಸಿದೆ. ಹೇಳಿದರೆ ನನ್ನ ಹೆಸರು ಪಟ್ಟಿಯಿಂದ ಹೋಗುತ್ತದೆ, ಅದಿರಲಿ. ಈ ಹಾಲಿನ ತುಂಬ ಇವಳೇ ಅಂತೆ ಆ ಪತ್ರಿಕೆ ಮಾಡಿದವಳು, ಟೀ ಕೊಡೋಕೂ ಬರಲ್ಲವಂತೆ ಎಂಬ ಮಾತು ಓಡಾಡುತ್ತದೆ. ನನ್ನ ಶಾಲೆಗೆ ಅದು ನಾನು ತಲುಪುವ ಮುಂಚೆ ತಲುಪುತ್ತದೆ. ಹೇಳದಿದ್ದರೆ ನನ್ನ ಮುಂದಿರುವ ಈಕೆ ಜೀವಮಾನವೆಲ್ಲ ಬಾಗಿಲ ಹೊರಗೇ ನಿಲ್ಲುತ್ತಾಳೆ.

ಆಗ ಅಡ್ಡದಾರಿ ಹೊಳೆಯಿತು. ಪ್ರಬಂಧದ ಆರನ್ನು ಏಳು ಮಾಡಿದರೆ ಆಯಿತಲ್ಲ. ಯಾರು ಕೇಳುತ್ತಾರೆ? ಪ್ರಬಂಧದ ಅಂಕ ಪರೀಕ್ಷಕರ ಇಷ್ಟ. ಆರರ ಮೇಲೆ ಗೀಟು ಎಳೆದು ಏಳು ಬರೆದು ಸಹಿ ಹಾಕಿದೆ. ಮೂವತ್ತೈದು. ಹೃದಯ ಹಗುರವಾದ ಹಾಗಾಯಿತು. ಉಳಿದ ಎಂಟು ಪತ್ರಿಕೆ ತಿದ್ದತೊಡಗಿದೆ. ಮೊದಲ ಪತ್ರಿಕೆಯಲ್ಲೇ ಐದನೆಯದಕ್ಕೆ ಸಮ್. ಗೀಟು ಎಳೆದೆ. ಆ ಪತ್ರಿಕೆಯವನಿಗೆ ಎಪ್ಪತ್ತೊಂದು ಬಂತು, ಅವನಿಗೆ ಒಂದು ಅಂಕ ಲೆಕ್ಕಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮೂರನೆಯದರಲ್ಲಿ ಮತ್ತೆ ಸಮ್. ಅದಕ್ಕೆ ಬಂದದ್ದು ಮೂವತ್ತಮೂರು. ಅದನ್ನೂ ನೋಡಿದೆ, ಒಂದು ಅಂಕ ಸಿಕ್ಕಿದರೂ ಪಾಸಾಗುವುದಿಲ್ಲವಲ್ಲ ಎಂದು ಹಗುರಾಗಿ ಉಸಿರು ಬಿಟ್ಟೆ. ಒಬ್ಬರು ಫೇಲಾದದ್ದಕ್ಕೆ ಉಸಿರು ಬಿಡುವ ಮಟ್ಟಕ್ಕೆ ನಾನು ಇಳಿದಿದ್ದೆ.

ಮೂರೂ ಕಾಲಕ್ಕೆ ದೊಡ್ಡ ಮೇಷ್ಟ್ರು ಎದ್ದು ಬಂದರು. ಮುದ್ರೆ ಹಾಕುವ ಮುಂಚೆ ಪ್ರತಿ ಬಂಡಲಿನಿಂದ ಎರಡು ಪತ್ರಿಕೆ ತೆಗೆದು ತಾವೇ ನೋಡುವುದು ಅವರ ಕ್ರಮ. ತಿದ್ದಿ ಬರೆದ ಅಂಕ ಎಲ್ಲಿದೆಯೋ ಅದನ್ನೇ ಆರಿಸುತ್ತಾರೆ, ಆ ಕಣ್ಣಿಗೆ ಮೊದಲಿನಿಂದಲೂ ಅದೊಂದು ಚಟ. ನನ್ನ ಬಂಡಲನ್ನು ಹೆಬ್ಬೆರಳಿನಿಂದ ಸರಸರ ಬಿಡಿಸಿ ಆ ದಪ್ಪ ಅಕ್ಷರದ ಪತ್ರಿಕೆಯನ್ನೇ ಎಳೆದರು.

"ಇದು ನೀವು ತಂದಿದ್ದಲ್ವಾ?"

"ಹೌದು ಸರ್."

"ಆಗ ಪ್ರಬಂಧಕ್ಕೆ ಆರಿತ್ತು."

"ಇನ್ನೊಂದು ಸಲ ಓದ್ದೆ ಸರ್. ಏಳು ಕೊಡ್ಬಹುದು ಅನ್ನಿಸ್ತು."

"ಏಳಕ್ಕೆ ಏನು ಸುಧಾರಿಸ್ತು ಇದ್ರಲ್ಲಿ? ಎರಡನೇ ಸಾಲಲ್ಲೇ ಮೂರು ತಪ್ಪಿದೆ." ದನಿ ಏರಿಸಲಿಲ್ಲ, ಏರಿಸುವ ಅಗತ್ಯ ಅವರಿಗೆ ಎಂದೂ ಇರಲಿಲ್ಲ. "ಕರುಣೆ ಒಳ್ಳೇದು. ಆದ್ರೆ ಕಣ್ಣಿಗೆ ಬಿದ್ದವ್ರಿಗೆ ಮಾತ್ರ ಕರುಣೆ, ಬೀಳದವ್ರಿಗೆ ಸೊನ್ನೆ ಅಂದ್ರೆ ಅದು ಮೌಲ್ಯಮಾಪನ ಅಲ್ಲ. ಹಿಂದಕ್ಕೆ ಆರು ಮಾಡಿ."

ಲವಂಗದ ಮೇಡಂ ಅಗಿಯುವುದನ್ನು ನಿಲ್ಲಿಸಿದ್ದರು. ಸುತ್ತಲಿನ ನಾಲ್ಕಾರು ಪೆನ್ನುಗಳು ನಿಂತಿದ್ದವು. ನಾನು ಏಳರ ಮೇಲೆ ಗೀಟು ಎಳೆದೆ. ಆರು ಎಂದು ಬರೆದೆ. ಟೋಟಲ್ ಮತ್ತೆ ಮೂವತ್ತನಾಲ್ಕು. ಮೇಷ್ಟ್ರು ಸಹಿ ಹಾಕಲು ಪೆನ್ನು ತೆಗೆದರು. ಅವರ ಸಹಿ ಬಿದ್ದರೆ ಮುಗಿಯಿತು, ಆಮೇಲೆ ಯಾರು ಬಂದರೂ ಅದನ್ನು ತೆರೆಯುವುದಿಲ್ಲ.

ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಅದೇ ನನ್ನನ್ನು ಸುಟ್ಟಿತು.

"ಸಹಿ ಹಾಕ್ಬೇಡಿ ಸರ್," ಎಂದೆ. "ಪತ್ರಿಕೆ ಮಾಡಿದವ್ರು ಬರೆದುಕೊಡ್ಬೇಕು ಅಂದ್ರಲ್ಲ. ಬರೆದುಕೊಡ್ತೀನಿ."

"ಅಂದ್ರೆ?"

"ಪತ್ರಿಕೆ ನಂದು ಸರ್. ಕೀನೂ ನಂದೇ. ಐದನೇದು ನಾನು ತಪ್ಪು ಬರ್ದಿದೀನಿ."

ಮೇಷ್ಟ್ರು ನನ್ನನ್ನು ನೋಡಿದರು, ಪತ್ರಿಕೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಇದನ್ನ ಬಾಯಿ ಬಿಟ್ರೆ ಏನಾಗುತ್ತೆ ಗೊತ್ತಿದ್ಯಾ? ನಾನು ಮೇಲಕ್ಕೆ ತಿಳಿಸ್ಲೇಬೇಕಾಗುತ್ತೆ. ಮುಚ್ಚಿಡೋಕೆ ಆಗಲ್ಲ."

"ಗೊತ್ತು ಸರ್."

"ಈಗಲೂ ಇನ್ನೊಂದು ಸಲ ಯೋಚ್ನೆ ಮಾಡಿ."

"ಮಾಡಿದ್ರೆ ಧೈರ್ಯ ಹೋಗುತ್ತೆ ಸರ್. ಒಂದು ಹಾಳೆ ಕೊಡಿ."

ನಿಂತುಕೊಂಡೇ ಬರೆದೆ. ಏನನ್ನಾದರೂ ಕೊಡುತ್ತಾ ಕೇಳುವ ಪ್ರಶ್ನೆಗೆ ಸಮ್ ಎಂಬುದೇ ಸಹಜ, ಕೀಯಲ್ಲಿ ಎನಿ ಎಂದಷ್ಟೇ ಕೊಟ್ಟದ್ದು ನನ್ನ ತಪ್ಪು, ಸಮ್ ಬರೆದವರಿಗೆಲ್ಲ ಅಂಕ ಕೊಡತಕ್ಕದ್ದು, ಎನಿ ಬರೆದವರ ಅಂಕವನ್ನು ಕೀಳತಕ್ಕದ್ದಲ್ಲ. ಕೆಳಗೆ ನನ್ನ ಹೆಸರು ಬರೆದೆ. ಮೇಷ್ಟ್ರು ಅದನ್ನು ಹಿಡಿದು ಪಕ್ಕದ ಕೋಣೆಗೆ ಹೋದರು. ಅಲ್ಲಿ ಮಾತ್ರ ಒಂದು ಫೋನಿತ್ತು. ಬಾಗಿಲು ತೆರೆದೇ ಇತ್ತು. ಹೌದು, ಇಲ್ಲೇ ಇದ್ದಾರೆ, ಹೌದು, ತಾವಾಗಿಯೇ ಹೇಳಿದ್ರು ಎಂಬ ಮಾತು ಕೇಳಿಸಿತು. ಆಮೇಲೆ ಬಹಳ ಹೊತ್ತು ಅವರು ಕೇಳಿಸಿಕೊಳ್ಳುತ್ತಲೇ ನಿಂತಿದ್ದರು. ಗಡಿಯಾರದಲ್ಲಿ ಮೂರು ನಲವತ್ತಾಯಿತು. ನಾನು ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದೆ.

ಅವರು ಹೊರಗೆ ಬಂದು ಮೇಜು ತಟ್ಟಿದರು.

"ಇಪ್ಪತ್ತೇಳರ ಐದು. ಸಮ್, ಎನಿ ಎರಡಕ್ಕೂ ಅಂಕ. ಎಲ್ಲರೂ ಎಲ್ಲ ಬಂಡಲನ್ನೂ ಬಿಚ್ಚಿ. ವ್ಯಾನು ಕಾಯುತ್ತೆ."

ನಲವತ್ತು ಬಾಯಿಗಳಿಂದ ಏಕಕಾಲಕ್ಕೆ ಅಯ್ಯೋ ಹೊರಟಿತು. ಹಿಂದಿನ ಸಾಲಿನಿಂದ ಒಬ್ಬರು, "ಟೀ ಕೊಡೋ ಮುಂಚೆ ಸರಿಯಾಗಿ ಕೇಳ್ಬಾರ್ದಿತ್ತಾ ತಾಯಿ?" ಎಂದು ಕೂಗಿದರು. ಕೆಲವರು ನಕ್ಕರು. ನನಗೆ ಕೋಪವೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿ ನನ್ನ ಬಂಡಲಿನ ದಾರ ಬಿಚ್ಚಿದೆ. ಲವಂಗದ ಮೇಡಂ ತಮ್ಮ ಡಬ್ಬಿ ತೆರೆದು ಒಂದು ಲವಂಗವನ್ನು ನನ್ನ ಮೇಜಿನ ಮೇಲಿಟ್ಟು, ತಮ್ಮ ಬಂಡಲು ಬಿಚ್ಚತೊಡಗಿದರು.

ಮುಗಿದಾಗ ಆರಾಗಿತ್ತು. ಇಡೀ ಹಾಲಿನಲ್ಲಿ ಅಂಕ ಏರಿದ ಪತ್ರಿಕೆಗಳು ಆರುನೂರ ಹನ್ನೆರಡು. ಅವುಗಳಲ್ಲಿ ಮೂವತ್ತನಾಲ್ಕರಿಂದ ಮೂವತ್ತೈದಕ್ಕೆ ದಾಟಿದವು ಹದಿನೇಳು. ನಾನು ಉಳಿಸಹೊರಟಿದ್ದದ್ದು ಒಬ್ಬಳನ್ನು. ಉಳಿದ ಹದಿನಾರು ಜನ ನನ್ನ ಅಡ್ಡದಾರಿಯಲ್ಲಿ ಎಲ್ಲಿ ಬಿದ್ದಿರುತ್ತಿದ್ದರು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎಲ್ಲರೂ ಮೊಬೈಲಿನ ಬುಟ್ಟಿಗೆ ಮುಗಿಬಿದ್ದಾಗ ನಾನು ಆ ದಪ್ಪ ಅಕ್ಷರದ ಪತ್ರಿಕೆ ಹಿಡಿದು ಮೇಷ್ಟ್ರ ಮುಂದೆ ನಿಂತೆ. ಅದರ ಮೇಲಿನ ಅಂಕ ಮೂರು ಸಲ ತಿದ್ದಿತ್ತು, ಅವರ ಸಹಿ ಇಲ್ಲದೆ ನಡೆಯುವಂತಿರಲಿಲ್ಲ. ಅವರು ಮೊದಲು ಮೇಜಿನ ಮೇಲಿಂದ ಒಂದು ಹಾಳೆಯನ್ನು ನನ್ನ ಕಡೆಗೆ ಸರಿಸಿದರು. ಫೋನಿನಲ್ಲಿ ಬಂದ ಆದೇಶವನ್ನು ಅವರೇ ಬರೆದುಕೊಂಡಿದ್ದರು, ಪ್ರಶ್ನೆಪತ್ರಿಕೆ ಮಾಡುವವರ ಪಟ್ಟಿಯಿಂದ ನನ್ನನ್ನು ತೆಗೆಯಲಾಗಿದೆ ಎಂದಿತ್ತು. ಓದಿ ಸಹಿ ಹಾಕಿದೆ.

ಆಮೇಲೆ ಅವರು ಪತ್ರಿಕೆ ತೆಗೆದುಕೊಂಡರು. ಸಹಿ ಹಾಕುವ ಬದಲು ಪ್ರಬಂಧದ ಪುಟ ತೆರೆದು ಓದಿದರು. ನಿಧಾನವಾಗಿ, ಬೆರಳಿಟ್ಟುಕೊಂಡು, ಕೊನೆಯ ಸಾಲಿನವರೆಗೆ ಓದಿದರು. ಬೆರಳು ಅಲ್ಲೇ ನಿಂತಿತು.

"ಬಾಗಿಲ ಹೊರಗೆ ನಿಂತು ಎಷ್ಟು ಸಲ ಕೇಳಿಸ್ಕೊಂಡಿರ್ಬೇಕು ಇದನ್ನ," ಎಂದರು. "ನಾನು ನಲವತ್ತು ವರ್ಷ ತರಗತಿಯ ಒಳಗೇ ಇದ್ದೆ."

ಸಹಿ ಹಾಕಿದರು. ಮೂವತ್ತೈದು. ಪತ್ರಿಕೆಯನ್ನು ಬಂಡಲಿಗೆ ಸೇರಿಸಿ ತಾವೇ ದಾರ ಕಟ್ಟಿ ಅರಗು ಒತ್ತಿದರು. ನಾನು ನಮಸ್ಕಾರ ಮಾಡಿ ಹೊರಡುವುದರಲ್ಲಿದ್ದೆ.

"ನಿಲ್ಲು," ಎಂದರು. ಮೂರು ದಿನ ನೀವು, ನಿಮಗೆ ಎನ್ನುತ್ತಿದ್ದವರು ಎರಡು ಜಡೆಯ ಕಾಲದ ಏಕವಚನಕ್ಕೆ ಇಳಿದಿದ್ದರು. ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಮೇಜಿನ ಈ ತುದಿಗೆ ತಳ್ಳಿದರು. "ಬೆಳಗ್ಗೆಯಿಂದ ಒಂದು ಹನಿ ನೀರು ಕುಡಿದಿಲ್ಲ ನೀನು, ನೋಡ್ತಾ ಇದೀನಿ. ಕುಡಿಯಮ್ಮ. ಕೇಳಿ ಕೊಡೋಣ ಅಂದ್ರೆ ನಂಗೆ ಸರಿಯಾಗಿ ಕೇಳೋಕೆ ಬರಲ್ಲ."

ನನ್ನ ಕಣ್ಣು ತುಂಬಿತು. ಲೋಟ ಎತ್ತುವಾಗ ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ಅವರ ಎದುರಿಗೇ ನಿಂತು ಕುಡಿದೆ.